ಏಳು ವಾರವಾದರೂ ಸಿಟಿ ಸ್ಕ್ಯಾನ್‌ನಲ್ಲಿ ಮಸುಕು ಹೋಗಿಲ್ಲ, ಏನು ಅರ್ಥ?

ಪ್ರಶ್ನೆ: ಡಾಕ್ಟರೇ, ನಾವು ಡೊಂಬಿವಲಿಯಲ್ಲಿದ್ದೇವೆ, ಮೂಲ ಗದಗ. ಅಮ್ಮನಿಗೆ 62, ಶುಗರ್ ಇದೆ. ಜುಲೈಯಲ್ಲಿ ಜ್ವರ ಬಂದು ಎಚ್1ಎನ್1 ಪಾಸಿಟಿವ್ ಆಯ್ತು, ಆರು ದಿನ ಆಕ್ಸಿಜನ್ ಹಾಕಿದ್ದರು. ಆಗಿನ ಸಿಟಿಯಲ್ಲಿ ಎರಡೂ ಕಡೆ ‘ಗ್ರೌಂಡ್ ಗ್ಲಾಸ್’ ಅಂತ ಬಂತು. ಏಳು ವಾರ ಬಿಟ್ಟು ಮಾಡಿಸಿದರೆ ಮತ್ತೆ ಗ್ರೌಂಡ್ ಗ್ಲಾಸ್ ಅಂತಲೇ ಇದೆ, ಜೊತೆಗೆ ‘ಮೊಸಾಯಿಕ್’ ಅಂತ ಹೊಸದೊಂದು ಪದ. ಒಣಕೆಮ್ಮು ನಿಂತಿಲ್ಲ, ಎರಡು ಮಹಡಿ ಹತ್ತಿದರೆ ಏದುಸಿರು. ಒಬ್ಬರು ಫೈಬ್ರೋಸಿಸ್ ಅಂದರು, ಪಕ್ಕದ ಮನೆಯವರು ಕ್ಯಾನ್ಸರ್ ಇರಬಹುದು ಅಂತಾರೆ. ಒಬ್ಬ ಡಾಕ್ಟರು ಸ್ಟೀರಾಯ್ಡ್ ಬರೆದುಕೊಟ್ಟಿದ್ದಾರೆ. ಶುರು ಮಾಡಲೇ ಬೇಡವೇ?

ಉತ್ತರ: ಮಾತ್ರೆ ಸದ್ಯ ಡಬ್ಬಿಯಲ್ಲೇ ಇರಲಿ. ಮೊದಲು ಎರಡೂ ಸಿಟಿಯ ಸಿಡಿ ಹುಡುಕಿಡಿ. ವರದಿಯ ಕಾಗದ ಸಾಲದು, ಚಿತ್ರಗಳೇ ಬೇಕು. ಯಾಕೆಂದರೆ ಎರಡು ವರದಿಯಲ್ಲೂ ಇರುವ ಪದ ಒಂದೇ ಆದರೂ, ಆ ಪದದ ಹಿಂದೆ ನಡೆಯುತ್ತಿರುವುದು ಒಂದಕ್ಕೊಂದು ತದ್ವಿರುದ್ಧ ಆಗಿರಬಹುದು.

ಗ್ರೌಂಡ್ ಗ್ಲಾಸ್ ಅಂದರೆ ರೋಗದ ಹೆಸರಲ್ಲ, ಒಂದು ಬಣ್ಣದ ಹೆಸರು. (ಶ್ವಾಸಕೋಶಕ್ಕೆ ಗಾಜಿನ ಪುಡಿ ಹೊಕ್ಕಿದೆಯಾ ಅಂತ ಕೇಳಿದ ಅಜ್ಜಿಯೊಬ್ಬರಿದ್ದರು. ಆ ಪದ ಮೊದಲ ಸಲ ಕೇಳಿದವರಿಗೆ ಹಾಗನ್ನಿಸುವುದು ಸಹಜವೇ.) ಬಾತ್‌ರೂಮ್ ಕಿಟಕಿಗೆ ಹಾಕುವ ಉಜ್ಜಿದ ಗಾಜು ನೆನಪಿಸಿಕೊಳ್ಳಿ. ಆಚೆ ಕಡೆಯ ಬೆಳಕು ಬರುತ್ತದೆ, ಮಸುಕಾಗಿ ಆಕಾರವೂ ತಿಳಿಯುತ್ತದೆ. ಸಿಟಿಯಲ್ಲಿ ಆರೋಗ್ಯವಾದ ಶ್ವಾಸಕೋಶ ಹೆಚ್ಚುಕಡಿಮೆ ಕಪ್ಪಾಗಿ ಕಾಣುತ್ತದೆ, ಅದರೊಳಗೆ ರಕ್ತನಾಳಗಳು ಬಿಳಿಯ ಕೊಂಬೆಗಳ ಹಾಗೆ ಹರಡಿರುತ್ತವೆ. ಎಲ್ಲಾದರೂ ಬೂದು ಮಸುಕು ಬಂದಿದೆ, ಆದರೆ ಅದರ ನಡುವೆಯೂ ಆ ಕೊಂಬೆಗಳು ಕಾಣುತ್ತಿವೆ ಅಂದರೆ ಅದು ಗ್ರೌಂಡ್ ಗ್ಲಾಸ್. ಕೊಂಬೆಗಳೂ ಮುಚ್ಚಿಹೋಗುವಷ್ಟು ಬಿಳಿ ಆದರೆ ಅದಕ್ಕೆ ಕನ್ಸಾಲಿಡೇಶನ್ ಅನ್ನುತ್ತಾರೆ.

ಸಿಟಿ ಯಂತ್ರಕ್ಕೆ ಗೊತ್ತಿರುವುದು ಸಾಂದ್ರತೆ ಒಂದೇ. ಅದರ ಅಳತೆಯಲ್ಲಿ ಗಾಳಿ ಅಂದರೆ ಮೈನಸ್ 1000, ನೀರು ಅಂದರೆ ಸೊನ್ನೆ. ಗಾಳಿ ತುಂಬಿದ ಶ್ವಾಸಕೋಶ ಸುಮಾರು ಮೈನಸ್ 850ರ ಆಸುಪಾಸಿನಲ್ಲಿರುತ್ತದೆ. ಗಾಳಿಯ ಪಾಲು ಇಳಿದು ಬೇರೇನೋ ಸೇರಿಕೊಂಡರೆ ಬಣ್ಣ ಬೂದಿಯ ಕಡೆ ಸರಿಯುತ್ತದೆ. ಆ ‘ಬೇರೇನೋ’ ನೀರಿರಬಹುದು, ರಕ್ತವಿರಬಹುದು, ಉರಿಯೂತದ ಕಣಗಳಿರಬಹುದು, ಗಾಳಿಗೂಡಿನ ಗೋಡೆಯೇ ದಪ್ಪಗಾಗಿರಬಹುದು. ಏನೂ ಸೇರದೆ, ಗಾಳಿಯಷ್ಟೇ ಕಡಿಮೆಯಾಗಿದ್ದರೂ ಮಸುಕು ಕಾಣುತ್ತದೆ.

ಈ ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮ್ಮ ಅಮ್ಮನಿಗೆ ಒಣಕೆಮ್ಮಿದೆ. ಯಂತ್ರದೊಳಗೆ ‘ಸಾಂಸ್ ರೋಕೋ’ ಅಂತ ದನಿ ಬಂದಾಗ ಪೂರ್ತಿ ಉಸಿರೆಳೆದು ಹಿಡಿಯಲು ಆಗದೆ ಅರ್ಧಕ್ಕೇ ಬಿಟ್ಟಿದ್ದರೆ ಶ್ವಾಸಕೋಶವೆಲ್ಲ ತುಸು ಮಬ್ಬಾಗಿಯೇ ಬರುತ್ತದೆ. ಇದಕ್ಕೆ ಗುರುತು ಒಂದಿದೆ. ಉಸಿರು ಒಳಗೆಳೆದಾಗ ಶ್ವಾಸನಾಳ ದುಂಡಗಿರುತ್ತದೆ, ಬಿಟ್ಟಾಗ ಅದರ ಹಿಂಗೋಡೆ ಒಳಕ್ಕೆ ಬಾಗುತ್ತದೆ. ಮಬ್ಬು ಹೆಚ್ಚಾಗಿದೆ ಅನ್ನುವ ವರದಿ ಕೈಗೆ ಬಂದರೆ ನಾನು ಮೊದಲು ನೋಡುವುದೇ ಆ ಹಿಂಗೋಡೆಯನ್ನು. ಹಾಗೆಯೇ ಅಂಗಾತ ಮಲಗಿದಾಗ ಬೆನ್ನಿನ ಕಡೆಯ ಶ್ವಾಸಕೋಶ ತನ್ನ ಭಾರಕ್ಕೇ ಒತ್ತಿಕೊಂಡು ಮಸುಕಾಗುತ್ತದೆ. ಬೋರಲು ಮಲಗಿಸಿ ತೆಗೆದರೆ ಆ ಮಸುಕು ಮಾಯ.

ಈಗ ಜುಲೈಗೆ ಬರೋಣ. ಎಚ್1ಎನ್1 ಇರಲಿ ಕೋವಿಡ್ ಇರಲಿ, ವೈರಸ್ ಗಾಳಿಗೂಡಿನ ಒಳಪದರದ ಕೋಶಗಳನ್ನು ಹಾಳು ಮಾಡುತ್ತದೆ. ಆ ಪದರ ಕಿತ್ತಮೇಲೆ ಪಕ್ಕದ ಸಣ್ಣ ರಕ್ತನಾಳಗಳಿಂದ ನೀರು, ಪ್ರೋಟೀನ್ ಸೋರಿ ಗೂಡಿನೊಳಗೆ ಬರುತ್ತದೆ. ಗೂಡು ಅರ್ಧ ತುಂಬಿದರೆ ಗ್ರೌಂಡ್ ಗ್ಲಾಸ್, ಪೂರ್ತಿ ತುಂಬಿದರೆ ಕನ್ಸಾಲಿಡೇಶನ್. ಕೋವಿಡ್‌ನಲ್ಲಿ ಇದು ಹೆಚ್ಚಾಗಿ ಎರಡೂ ಕಡೆ, ಅಂಚಿನಲ್ಲಿ, ಕೆಳಗೆ ಹಿಂಬದಿಗೆ ಕಾಣುತ್ತಿತ್ತು. ಎಚ್1ಎನ್1ನಂಥ ಇನ್‌ಫ್ಲುಯೆಂಜಾದಲ್ಲಿ ಇನ್ನಷ್ಟು ಅಡ್ಡಾದಿಡ್ಡಿ. ಆದರೂ ಒಂದು ಇನ್ನೊಂದರ ಹಾಗೆ ಕಾಣುವುದು ಎಷ್ಟೋ ಸಲ. ಚಿತ್ರ ನೋಡಿ ವೈರಸ್ಸಿನ ಹೆಸರು ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ, ಹೆಸರು ಹೇಳುವುದು ಮೂಗಿನ ಸ್ವ್ಯಾಬ್.

2021ರಲ್ಲಿ ಇಡೀ ಊರು ‘ಸ್ಕೋರ್ ಎಷ್ಟು’ ಅಂತ ಕೇಳುತ್ತಿತ್ತಲ್ಲ, ಆ ಇಪ್ಪತ್ತೈದರ ಲೆಕ್ಕ ಮಸುಕು ಎಷ್ಟು ಜಾಗ ಹಿಡಿದಿದೆ ಅನ್ನುವುದಷ್ಟೇ. ಶ್ವಾಸಕೋಶದ ಐದು ಹಾಲೆಗಳಿಗೆ ತಲಾ ಐದು ಅಂಕ. ಸ್ಕೋರ್ 15 ಇದ್ದು ಆರಾಮವಾಗಿ ಮಾತಾಡುತ್ತಿದ್ದವರನ್ನೂ, 9 ಇದ್ದು ಆಕ್ಸಿಜನ್ ಬೇಕಾದವರನ್ನೂ ಒಂದೇ ವಾರ್ಡಿನಲ್ಲಿ ನೋಡಿದ್ದೇನೆ. ನಿಮ್ಮ ಹಳೇ ವರದಿಯಲ್ಲಿ ಅಂಥ ಅಂಕ ಇದ್ದರೂ ಈಗ ಅದಕ್ಕೆ ಬೆಲೆಯಿಲ್ಲ.

ಬೆಲೆ ಇರುವುದು ವಾಸಿಯಾಗುವ ರೀತಿಗೆ. ಡೊಂಬಿವಲಿಯ ಮಳೆಗಾಲ ಕಂಡವರಿಗೆ ಇದನ್ನು ಹೇಳುವುದು ಸುಲಭ. ಗೋಡೆಗೆ ನೀರಿಳಿದಾಗ ಮೊದಲು ಕಡುಬಣ್ಣದ ಕಲೆ ಬೀಳುತ್ತದೆ. ಒಣಗುವಾಗ ಅದು ಒಮ್ಮೆಲೇ ಹೋಗುವುದಿಲ್ಲ. ಬಣ್ಣ ತೆಳುವಾಗುತ್ತದೆ, ಅಂಚು ಕರಗುತ್ತದೆ, ಕೆಲವೊಮ್ಮೆ ಕಲೆ ಮೊದಲಿಗಿಂತ ಅಗಲವಾದಂತೆಯೇ ಕಾಣುತ್ತದೆ. ಶ್ವಾಸಕೋಶದಲ್ಲೂ ಗಟ್ಟಿ ಬಿಳಿಯಾಗಿದ್ದ ಜಾಗ ಕರಗುತ್ತಾ ಗ್ರೌಂಡ್ ಗ್ಲಾಸ್ ಆಗಿ, ಆಮೇಲೆ ಕಪ್ಪಿಗೆ ಮರಳುತ್ತದೆ. ಜುಲೈಯ ಮಸುಕು ತುಂಬಿಕೊಳ್ಳುತ್ತಿದ್ದ ಗೂಡಿನದು, ಸೆಪ್ಟೆಂಬರಿನದು ಖಾಲಿಯಾಗುತ್ತಿರುವ ಗೂಡಿನದು ಇರಬಹುದು. ಕಾಗದದ ಮೇಲೆ ಎರಡಕ್ಕೂ ಅದೇ ಪದ. ಆಕ್ಸಿಜನ್ ಬೇಕಾಗುವಷ್ಟು ಜೋರಾಗಿದ್ದ ವೈರಲ್ ನ್ಯುಮೋನಿಯಾದ ಗುರುತು ಏಳು ವಾರಕ್ಕೆ ಉಳಿದಿರುವುದು ಹೊಸತೇನಲ್ಲ. ಸಾಮಾನ್ಯವಾಗಿ ಮೂರು ತಿಂಗಳವರೆಗೆ ನಾವು ತೀರ್ಪು ಕೊಡುವುದಿಲ್ಲ, ಅದಾದ ಮೇಲೂ ತಿಂಗಳುಗಟ್ಟಲೆ ನಿಧಾನಕ್ಕೆ ತಿಳಿಯಾಗುವುದುಂಟು.

ಫೈಬ್ರೋಸಿಸ್ ಅಂದರೆ ಶ್ವಾಸಕೋಶದಲ್ಲಿ ಗಾಯದ ಕಲೆ ಕಟ್ಟುವುದು. ಹಾಗನ್ನಬೇಕಾದರೆ ಮಸುಕು ಒಂದೇ ಸಾಲದು. ಗಾಯದ ಕಲೆ ಎಳೆಯುತ್ತದೆ. ಸುಟ್ಟ ಚರ್ಮ ಸುಕ್ಕುಗಟ್ಟಿ ಸುತ್ತಲಿನದನ್ನು ಸೆಳೆಯುವ ಹಾಗೆ, ಶ್ವಾಸಕೋಶದ ಕಲೆಯೂ ಒಳಗಿನ ಗಾಳಿಕೊಳವೆಗಳನ್ನು ಹಿಗ್ಗಿಸಿ ಸೊಟ್ಟ ಮಾಡುತ್ತದೆ, ಆ ಭಾಗ ಕುಗ್ಗುತ್ತದೆ, ಇನ್ನೂ ಮುಂದುವರಿದರೆ ಜೇನುಗೂಡಿನಂಥ ರಂಧ್ರಗಳಾಗುತ್ತವೆ. ವರದಿಯಲ್ಲಿ ‘ಟ್ರಾಕ್ಷನ್ ಬ್ರಾಂಕಿಯೆಕ್ಟಾಸಿಸ್’ ಅಥವಾ ‘ಹನಿಕೋಂಬಿಂಗ್’ ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಫೈಬ್ರೋಸಿಸ್ ಅನ್ನುವ ಮಾತು ಅವಸರದ್ದು.

ಪಕ್ಕದ ಮನೆಯವರ ಮಾತಿಗೂ ಒಂದು ಬೇರಿದೆ. ಕೆಲವು ಶ್ವಾಸಕೋಶದ ಕ್ಯಾನ್ಸರ್‌ಗಳು ಶುರುವಿನಲ್ಲಿ ಗ್ರೌಂಡ್ ಗ್ಲಾಸ್ ಆಗಿಯೇ ಕಾಣುವುದು ನಿಜ. ಆದರೆ ಅದು ಸಾಧಾರಣವಾಗಿ ಒಂದೋ ಎರಡೋ ದುಂಡನೆಯ ಚುಕ್ಕೆ, ತಿಂಗಳು ಕಳೆದರೂ ಜಾಗ ಬಿಡದೆ ಕೂತಿರುತ್ತದೆ. ಅಂಥ ಚುಕ್ಕೆ 6 ಮಿಲಿಮೀಟರಿಗಿಂತ ದೊಡ್ಡದಾಗಿದ್ದರೆ ವರ್ಷಗಟ್ಟಲೆ ಕಣ್ಣಿಟ್ಟು ನೋಡುವ ಕ್ರಮವಿದೆ. ಜ್ವರದ ಜೊತೆ ಬಂದ, ಎರಡೂ ಕಡೆ ಹರಡಿದ ಮಸುಕು ಆ ಜಾತಿಯದಲ್ಲ. ಹರಡಿಕೊಂಡು ಬರುವ ಅಪರೂಪದ ಬಗೆಯೂ ಒಂದಿದೆ, ಅದು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಲೇ ಹೋಗುತ್ತದೆ. ಹಳೇ ಸಿಡಿ ಪಕ್ಕದಲ್ಲಿಟ್ಟರೆ ಅದೂ ಗೊತ್ತಾಗುತ್ತದೆ.

ನನ್ನ ಕಣ್ಣು ನಿಂತಿದ್ದು ‘ಮೊಸಾಯಿಕ್’ ಮೇಲೆ. ಹಳೇ ಮನೆಗಳ ಚೂರುಕಲ್ಲಿನ ನೆಲದಂತೆ ಬೂದು ತುಂಡು, ಕಪ್ಪು ತುಂಡು ಅಕ್ಕಪಕ್ಕ ಜೋಡಿಸಿದ ಹಾಗೆ ಕಂಡರೆ ಹೀಗೆ ಬರೆಯುತ್ತಾರೆ. ಇಲ್ಲಿ ಮೋಸ ಹೋಗುವುದು ಸುಲಭ. ನೋಡಿದವರೆಲ್ಲ ಬೂದು ತುಂಡು ರೋಗದ್ದು, ಕಪ್ಪು ತುಂಡು ಚೆನ್ನಾಗಿರುವುದು ಅಂದುಕೊಳ್ಳುತ್ತಾರೆ. ಕೆಲವೊಮ್ಮೆ ಕಪ್ಪಿನದೇ ತೊಂದರೆ. ಸಣ್ಣ ಕೊಳವೆಗಳು ಊದಿಕೊಂಡಿದ್ದರೆ ಒಳಗೆ ಹೋದ ಗಾಳಿ ಹೊರಗೆ ಬರಲಾರದೆ ಅಲ್ಲೇ ಸಿಕ್ಕಿಬೀಳುತ್ತದೆ, ಆ ತುಂಡು ಕಪ್ಪಾಗಿಯೇ ಉಳಿಯುತ್ತದೆ. ಪರೀಕ್ಷೆ ಸರಳ. ಉಸಿರು ಪೂರ್ತಿ ಹೊರಗೆ ಬಿಡಿಸಿ ಇನ್ನೊಮ್ಮೆ ಕೆಲವೇ ಚಿತ್ರ ತೆಗೆಯುವುದು. ಚೆನ್ನಾಗಿರುವ ಶ್ವಾಸಕೋಶ ಉಸಿರು ಬಿಟ್ಟಾಗ ಬೂದಾಗಬೇಕು. ಆಗಲೂ ಕಪ್ಪಾಗಿಯೇ ಉಳಿದ ತುಂಡಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ. ನಮ್ಮಲ್ಲಿ ಎಷ್ಟೋ ಸೆಂಟರ್‌ಗಳಲ್ಲಿ ಚೀಟಿಯಲ್ಲಿ ಬರೆಯದಿದ್ದರೆ ಈ ಎರಡನೇ ಸುತ್ತು ತೆಗೆಯುವುದಿಲ್ಲ.

ಇಷ್ಟು ಯಾಕೆ ಹೇಳಿದೆ ಅಂದರೆ, ಕೋವಿಡ್‌ನ ಎರಡನೇ ಅಲೆ ಇಳಿದ ಮೇಲೆ ಮುಲುಂಡ್‌ನಿಂದ ಒಬ್ಬ ಮೇಷ್ಟ್ರು ಬಂದಿದ್ದರು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಹೇಳುತ್ತೇನೆ. ವಯಸ್ಸು 56, ಬೀಡಿ ಸಿಗರೇಟು ಮುಟ್ಟಿದವರಲ್ಲ. ಕೋವಿಡ್ ಆಗಿ ನಾಲ್ಕು ತಿಂಗಳಾಗಿತ್ತು. ಒಂದು ಆಸ್ಪತ್ರೆಯಲ್ಲಿ ‘ಪೋಸ್ಟ್ ಕೋವಿಡ್ ಫೈಬ್ರೋಸಿಸ್’ ಅಂತ ಚೀಟಿ ಬರೆದು, ದುಬಾರಿ ಪಿರ್ಫೆನಿಡೋನ್ ಮಾತ್ರೆ ಕೊಟ್ಟಿದ್ದರು. ಅದರಿಂದ ಹಸಿವು ಸತ್ತು ಏಳು ಕೆಜಿ ಇಳಿದಿದ್ದರು. ಕೂತಾಗ ಆಕ್ಸಿಜನ್ 96. ಆಸ್ಪತ್ರೆಯ ಓಣಿಯಲ್ಲಿ ಆರು ನಿಮಿಷ ನಡೆಸಿದರೆ 87ಕ್ಕೆ ಬಿತ್ತು.

ಎರಡು ಸಿಡಿಗಳನ್ನೂ ಒಂದೇ ಪರದೆಯಲ್ಲಿ ಅಕ್ಕಪಕ್ಕ ತೆರೆದೆವು. ಕೋವಿಡ್ ಕಾಲದ ಚಿತ್ರದಲ್ಲಿ ಮಸುಕು ಅಂಚಿಗೆ, ಕೆಳಗೆ ಇತ್ತು. ನಾಲ್ಕು ತಿಂಗಳ ನಂತರದ್ದರಲ್ಲಿ ಆ ಜಾಗಗಳು ಬಹುಪಾಲು ತಿಳಿಯಾಗಿದ್ದವು! ಈಗಿನ ಮಸುಕು ಬೇರೆಯೇ ಕಡೆ, ಮೇಲೆ ನಡುವೆ ಎಲ್ಲ ಹರಡಿತ್ತು. ಹತ್ತಿರದಿಂದ ನೋಡಿದರೆ ಹತ್ತಿಯ ಉಂಡೆಯ ಹಾಗೆ ಅಂಚಿಲ್ಲದ ಸಣ್ಣ ಸಣ್ಣ ಚುಕ್ಕೆಗಳು, ಒಂದೊಂದೂ ತನ್ನ ಸಣ್ಣ ಕೊಳವೆಯ ಸುತ್ತ. ನಡುನಡುವೆ ಕಪ್ಪು ತುಂಡು. ಉಸಿರು ಬಿಡಿಸಿ ತೆಗೆದಾಗಲೂ ಆ ಕಪ್ಪು ಕಪ್ಪಾಗಿಯೇ ಉಳಿಯಿತು. ಎಳೆತವಿಲ್ಲ, ಜೇನುಗೂಡಿಲ್ಲ. ಉಸಿರಿನ ಜೊತೆ ಒಳಹೋದ ಯಾವುದೋ ಧೂಳಿಗೆ ಶ್ವಾಸಕೋಶ ಮುನಿಸಿಕೊಂಡಾಗ ಬರುವ ಚಿತ್ರ ಇದು. ಇದಕ್ಕೆ ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ಅನ್ನುತ್ತೇವೆ.

‘ಮನೆಯಲ್ಲಿ ಪಾರಿವಾಳ ಇವೆಯಾ?’ ಅಂತ ಕೇಳಿದೆ. ‘ಇಲ್ಲ ಸಾರ್, ನಾವು ಸಾಕಿಲ್ಲ’ ಅಂದರು. ಅವರ ಹೆಂಡತಿ ಪಕ್ಕದಿಂದ, ‘ಸಾಕಿಲ್ಲ, ಆದರೆ ನಿಮ್ಮ ತಲೆದಿಂಬಿನ ಹಿಂದೇನೇ ಎಸಿ ಪೆಟ್ಟಿಗೆ ಮೇಲೆ ಗೂಡು ಕಟ್ಟಿಲ್ವೇನ್ರೀ?’ ಅಂದರು. ಮುಂಬಯಿಯಲ್ಲಿ ಪ್ರಶ್ನೆ ಕೇಳಬೇಕಾದ ರೀತಿ ನನಗೆ ಆವತ್ತು ಗೊತ್ತಾಯಿತು. ಈಗ ‘ಸಾಕಿದ್ದೀರಾ’ ಅನ್ನುವುದಿಲ್ಲ, ‘ಕಿಟಕಿಯ ಹೊರಗೆ ಏನಿದೆ, ಫೋಟೋ ತೋರಿಸಿ’ ಅನ್ನುತ್ತೇನೆ. ಇನ್ನೂ ಒಂದು ಸುಳಿವು ಅವರೇ ಕೊಟ್ಟರು. ಮದುವೆಗೆ ಅಂತ ಶಿರಸಿಗೆ ಹೋಗಿ ಎರಡು ವಾರ ಇದ್ದಾಗ ಕೆಮ್ಮು ಅರ್ಧ ಇಳಿದಿತ್ತು, ಮರಳಿ ಬಂದ ನಾಲ್ಕನೇ ದಿನ ಮತ್ತೆ ಹಿಡಿಯಿತು. ಊರಿನ ಹವೆ ಒಳ್ಳೇದು ಅಂತ ಎಲ್ಲರೂ ಸುಮ್ಮನಾಗಿದ್ದರು.

ಪಾರಿವಾಳದ ಒಣಗಿದ ಹಿಕ್ಕೆ, ರೆಕ್ಕೆಯಿಂದ ಉದುರುವ ಹುಡಿ, ಇವುಗಳಲ್ಲಿನ ಪ್ರೋಟೀನ್ ಕೆಲವರ ಮೈಗೆ ಆಗುವುದಿಲ್ಲ. ಎಲ್ಲರಿಗೂ ಹೀಗಾಗುವುದಿಲ್ಲ, ಅದೇ ಕೋಣೆಯಲ್ಲಿ ಮಲಗುವ ಅವರ ಹೆಂಡತಿಗೆ ಏನೂ ಆಗಿರಲಿಲ್ಲ. 2025ರಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ದಾದರ್‌ನ ಕಬೂತರ್‌ಖಾನೆಗೆ ಹೊದಿಕೆ ಹಾಕಿದಾಗ ಎದ್ದ ಗಲಾಟೆಯಲ್ಲಿ ಎರಡೂ ಕಡೆಯವರು ಅತಿ ಮಾತಾಡಿದರು ಅನ್ನುವುದು ನನ್ನ ಅನಿಸಿಕೆ. ಪಾರಿವಾಳ ಕಂಡವರಿಗೆಲ್ಲ ರೋಗ ಬರುವುದಿಲ್ಲ, ಬಂದವರಿಗೆ ಮಾತ್ರ ಅದು ಸಣ್ಣ ರೋಗವಲ್ಲ. ರಕ್ತದಲ್ಲಿ ಪಾರಿವಾಳದ ಐಜಿಜಿ ಅಂತ ಒಂದು ಪರೀಕ್ಷೆಯಿದೆ. ಅದು ಪಾಸಿಟಿವ್ ಬಂದರೆ ಆ ಧೂಳಿನ ಪರಿಚಯ ಮೈಗಿದೆ ಅಂತಷ್ಟೇ ಅರ್ಥ, ರೋಗ ಇದೆ ಅಂತಲ್ಲ. ಮೇಷ್ಟ್ರಿಗೆ ಬ್ರಾಂಕೋಸ್ಕೋಪಿ ಮಾಡಿ ಶ್ವಾಸಕೋಶ ತೊಳೆದ ನೀರನ್ನು ಪರೀಕ್ಷೆಗೆ ಕಳಿಸಿದೆವು. ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣಗಳು ವಿಪರೀತ ಇದ್ದವು, ಅದು ಧೂಳಿನ ಕಾಯಿಲೆಗೆ ಹೊಂದುತ್ತಿತ್ತು. ಟಿಬಿ ಇರಲಿಲ್ಲ.

ಪಿರ್ಫೆನಿಡೋನ್ ನಿಲ್ಲಿಸಿದೆವು. ಗೂಡು ತೆಗೆದದ್ದು ಮೇಷ್ಟ್ರಲ್ಲ, ಬೇರೆಯವರು. ಮಾಸ್ಕ್ ಹಾಕಿಕೊಂಡು, ಹಿಕ್ಕೆಗೆ ಮೊದಲು ನೀರು ಹೊಡೆದು, ಹಸಿಯಾಗಿರುವಾಗಲೇ ಎತ್ತಿದರು. ಒಣದನ್ನು ಪೊರಕೆಯಲ್ಲಿ ಗುಡಿಸಿದ್ದರೆ ಇಡೀ ಮನೆಗೆ ಹುಡಿ ಎಬ್ಬಿಸಿದ ಹಾಗಾಗುತ್ತಿತ್ತು. ಆ ಹುಡಿ ಪರದೆಯಲ್ಲಿ, ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಮೇಷ್ಟ್ರು ಎರಡು ತಿಂಗಳು ಮಗಳ ಮನೆಯಲ್ಲಿದ್ದರು. ಸ್ಟೀರಾಯ್ಡ್ ಕೊಟ್ಟೆವು, ದಿನಕ್ಕೆ 40 ಮಿಲಿಗ್ರಾಂನಿಂದ ಶುರು ಮಾಡಿ ನಾಲ್ಕು ತಿಂಗಳಲ್ಲಿ ಇಳಿಸಿದೆವು. ಆರನೇ ತಿಂಗಳು ಅದೇ ಓಣಿಯಲ್ಲಿ ನಡೆಸಿದಾಗ 94ಕ್ಕಿಂತ ಕೆಳಗೆ ಇಳಿಯಲಿಲ್ಲ. ಕಲೆ ಕಟ್ಟುವ ಮೊದಲೇ ಸಿಕ್ಕಿದ್ದರಿಂದ ಇಷ್ಟಾಯಿತು. ಕಲೆ ಕಟ್ಟಿದ ಮೇಲೆ ಬಂದವರಲ್ಲಿ ಗೂಡು ತೆಗೆದರೂ ಮಾತ್ರೆ ನುಂಗಿದರೂ ಇಷ್ಟು ಮರಳುವುದಿಲ್ಲ.

ನಿಮ್ಮ ಅಮ್ಮನಿಗೂ ಇದೇ ಆಗಿದೆ ಅನ್ನುತ್ತಿಲ್ಲ. ವೈರಸ್ ಹಾವಳಿಯಾದ ಮೇಲೆ ಸಣ್ಣ ಕೊಳವೆಗಳು ಕೆಲಕಾಲ ಊದಿಕೊಂಡು ಮೊಸಾಯಿಕ್ ಕಾಣುವುದೂ ಇದೆ, ನಿಮ್ಮ ವಿಷಯದಲ್ಲಿ ಅದಕ್ಕೇ ಹೆಚ್ಚು ಸಾಧ್ಯತೆ. ಆದರೆ ಇನ್ನೊಂದಿಲ್ಲ ಅನ್ನುವುದನ್ನು ಕೇಳಿ ತಿಳಿದುಕೊಳ್ಳಬೇಕು, ಊಹೆಯ ಮೇಲೆ ಬಿಡಬಾರದು. ಪಾರಿವಾಳದ ಜೊತೆಗೆ ಗೋಡೆಯ ಬೂಷ್ಟು, ವರ್ಷಗಟ್ಟಲೆ ತೊಳೆಯದ ಏರ್‌ಕೂಲರ್, ರೆಕ್ಕೆಪುಕ್ಕ ತುಂಬಿದ ದಿಂಬು ಇವನ್ನೂ ನೋಡಿ. ಅವರ ಮಾತ್ರೆಗಳ ಪಟ್ಟಿಯೂ ಬೇಕು. ಮೂತ್ರದ ಸೋಂಕು ಮರುಕಳಿಸದಿರಲಿ ಅಂತ ಶುಗರ್ ಇರುವ ಹೆಂಗಸರಿಗೆ ನೈಟ್ರೋಫ್ಯುರಾಂಟೊಯಿನ್ ತಿಂಗಳುಗಟ್ಟಲೆ ಕೊಡುವುದುಂಟು. ಹೃದಯದ ಬಡಿತಕ್ಕೆ ಅಮಿಯೋಡರೋನ್, ಕೀಲುನೋವಿಗೆ ಮೆಥೋಟ್ರೆಕ್ಸೇಟ್. ಈ ಮೂರೂ ಶ್ವಾಸಕೋಶದಲ್ಲಿ ಇಂಥದೇ ಮಸುಕು ತರಬಲ್ಲವು. ಕಾಲು ಊದಿದ್ದರೆ, ಅಂಗಾತ ಮಲಗಿದರೆ ಉಸಿರು ಕಟ್ಟುವ ಹಾಗಿದ್ದರೆ ಹೃದಯದ ಎಕೋ ಸ್ಕ್ಯಾನ್ ಒಂದು ಮಾಡಿಸಿ. ಹೃದಯ ಸೋತು ನೀರು ನಿಂತರೂ ಚಿತ್ರ ಮಬ್ಬಾಗುತ್ತದೆ, ಆಗ ಬೇಕಾದ ಔಷಧಿ ಪೂರ್ತಿ ಬೇರೆ.

ಈಗ ಮೂರು ದಾರಿಗಳಿವೆ. ಮೊದಲನೆಯದು ಕಾಯುವುದು. ಕೆಮ್ಮು ವಾರದಿಂದ ವಾರಕ್ಕೆ ಸ್ವಲ್ಪವಾದರೂ ಇಳಿಯುತ್ತಿದ್ದರೆ, ನಡೆದಾಗ ಆಕ್ಸಿಜನ್ ಬೀಳದಿದ್ದರೆ, ಜ್ವರ ಬಂದು ಹನ್ನೆರಡು ವಾರ ತುಂಬುವವರೆಗೆ ಏನೂ ಮಾಡದೆ ಇರುವುದೂ ಚಿಕಿತ್ಸೆಯೇ. ನೀವೇ ಅಳೆಯಬಹುದು. ಬೆರಳಿಗೆ ಮೆಹಂದಿ, ನೇಲ್‌ಪಾಲಿಶ್ ಇಲ್ಲದ ಹಾಗೆ ನೋಡಿಕೊಂಡು ಆಕ್ಸಿಮೀಟರ್ ಹಾಕಿ ಮನೆಯ ಪ್ಯಾಸೇಜಿನಲ್ಲಿ ಆರು ನಿಮಿಷ ನಡೆಸಿ, ಶುರುವಿನ ಅಂಕಿ, ಅತಿ ಕಡಿಮೆಯಾದ ಅಂಕಿ ಎರಡನ್ನೂ ತಾರೀಖು ಹಾಕಿ ಬರೆದಿಡಿ. ನಾಲ್ಕು ಅಂಕಕ್ಕಿಂತ ಹೆಚ್ಚು ಬಿದ್ದರೆ ಕಾಯಬೇಡಿ. ಕೂತಾಗಲೇ 92ಕ್ಕಿಂತ ಕಡಿಮೆಯಿದ್ದರೆ, ಮತ್ತೆ ಜ್ವರ ಬಂದರೆ, ಕಫದಲ್ಲಿ ರಕ್ತ ಕಂಡರೆ ಅವತ್ತೇ ಹೊರಡಿ. ಈ ದಾರಿಯ ಅಪಾಯ ಅಂದರೆ, ಧೂಳಿನ ಕಾಯಿಲೆ ನಿಜವಾಗಿಯೂ ಇದ್ದರೆ ಅಷ್ಟು ದಿನ ಅದೇ ಧೂಳಿನಲ್ಲಿ ಮಲಗಿದ ಹಾಗಾಗುತ್ತದೆ. ಅದಕ್ಕೇ ಕಾಯುವಾಗಲೂ ಕೋಣೆ ಬದಲಿಸಿ, ಖರ್ಚಿಲ್ಲದ ಪರೀಕ್ಷೆ ಅದು.

ಎರಡನೆಯದು ಈಗಲೇ ಪರೀಕ್ಷೆ. ಉಸಿರಿನ ಪರೀಕ್ಷೆ ಮಾಡಿಸುವಾಗ ಸ್ಪೈರೋಮೆಟ್ರಿ ಒಂದೇ ಬೇಡ, ‘ಡಿಎಲ್‌ಸಿಒ’ ಸೇರಿಸಿ ಅಂತ ಚೀಟಿಯಲ್ಲಿ ಬರೆಸಿ. ಗಾಳಿಗೂಡಿನಿಂದ ರಕ್ತಕ್ಕೆ ಅನಿಲ ಎಷ್ಟು ಸಲೀಸಾಗಿ ದಾಟುತ್ತದೆ ಅನ್ನುವುದು ಅದರಲ್ಲೇ ಗೊತ್ತಾಗುವುದು. ಸಿಟಿಯನ್ನು ಮತ್ತೆ ಪೂರ್ತಿ ತೆಗೆಸಬೇಕಾಗಿಲ್ಲ. ಬೇಕೆನಿಸಿದರೆ ಕಡಿಮೆ ಡೋಸ್‌ನಲ್ಲಿ ಬೋರಲು ಮಲಗಿಸಿ, ಉಸಿರು ಬಿಡಿಸಿ ಕೆಲವು ಚಿತ್ರ ಸಾಕು. ಇಷ್ಟರಲ್ಲೇ ಧೂಳಿನ ಕಾಯಿಲೆಯ ಅನುಮಾನ ಗಟ್ಟಿಯಾದರೆ ಮಾತ್ರ ಬ್ರಾಂಕೋಸ್ಕೋಪಿಯ ಮಾತು.

ಮೂರನೆಯದು ನಿಮ್ಮ ಕೈಯಲ್ಲಿರುವ ಸ್ಟೀರಾಯ್ಡ್ ಚೀಟಿ. ಬರೆದವರನ್ನು ದೂರುವುದಿಲ್ಲ. ವೈರಸ್ ನಂತರ ಕೆಲವರಿಗೆ ಗೂಡಿನೊಳಗಿನ ಉರಿಯೂತ ಕರಗದೆ ಕೂತುಬಿಡುವ ‘ಆರ್ಗನೈಸಿಂಗ್ ನ್ಯುಮೋನಿಯಾ’ ಅಂತ ಒಂದು ಸ್ಥಿತಿ ಬರುತ್ತದೆ, ಅದಕ್ಕೆ ಸ್ಟೀರಾಯ್ಡ್ ಚೆನ್ನಾಗಿ ಹಿಡಿಯುತ್ತದೆ. ತೊಂದರೆ ಏನೆಂದರೆ ಈ ಮಾತ್ರೆ ಹಲವು ಬಗೆಯ ಮಸುಕನ್ನು ತಾತ್ಕಾಲಿಕವಾಗಿ ಇಳಿಸುತ್ತದೆ. ಪಾರಿವಾಳ ಕಿಟಕಿಯಲ್ಲೇ ಇದ್ದು ಮಾತ್ರೆಯೂ ನಡೆಯುತ್ತಿದ್ದರೆ ಕೆಮ್ಮು ನಿಂತಂತಾಗಿ, ಮಾತ್ರೆ ಬಿಟ್ಟ ಮೇಲೆ ಮತ್ತೆ ಏಳುತ್ತದೆ. ನಡುವೆ ತಿಂಗಳುಗಳು ಹೋಗಿರುತ್ತವೆ, ಆಮೇಲೆ ಮಾಡಿದ ಬ್ರಾಂಕೋಸ್ಕೋಪಿಯಲ್ಲೂ ಸುಳಿವು ಅಳಿಸಿಹೋಗಿರುತ್ತದೆ. ನಮ್ಮ ದೇಶದಲ್ಲಿ ಅಡಗಿ ಕೂತ ಟಿಬಿ ಹೆಡೆಯೆತ್ತುವ ಭಯ ಬೇರೆ, ಹಾಗಾಗಿ ಕಫ ಬಂದರೆ ಸಿಬಿನಾಟ್ ಪರೀಕ್ಷೆ ಮಾಡಿಸದೆ ಶುರು ಮಾಡಬೇಡಿ. ಇನ್ನು ಶುಗರ್. ಬೆಳಿಗ್ಗೆ ಸ್ಟೀರಾಯ್ಡ್ ತಗೊಂಡರೆ ಬರೀ ಹೊಟ್ಟೆಯ ಅಂಕಿ ಚೆನ್ನಾಗಿಯೇ ಇದ್ದು, ಮಧ್ಯಾಹ್ನ ಊಟದ ಮೇಲೆ, ಸಂಜೆ ಏರುತ್ತದೆ. ಬೆಳಗಿನ ಅಂಕಿ ನೋಡಿ ನಿಶ್ಚಿಂತರಾದವರು 400 ಮುಟ್ಟಿಸಿಕೊಂಡು ಬಂದಿದ್ದಾರೆ. ಎಲ್ಲ ನೋಡಿ ಶುರು ಮಾಡಲೇಬೇಕಾಗಿ ಬಂದರೆ ಸಂಜೆ ನಾಲ್ಕರ ಶುಗರ್ ಬರೆದಿಡಿ. ವಾರಗಟ್ಟಲೆ ತಗೊಂಡ ಮೇಲೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ.

ಎರಡು ಸಿಡಿ, ಮಾತ್ರೆಗಳ ಪಟ್ಟಿ, ಆರು ನಿಮಿಷದ ಅಂಕಿ, ಇವಿಷ್ಟು ಹಿಡಿದು ಹತ್ತಿರದ ಎದೆರೋಗ ತಜ್ಞರ ಬಳಿ ಹೋಗಿ. ಹೊರಡುವ ಮುಂಚೆ ಅಮ್ಮ ಮಲಗುವ ಕೋಣೆಯ ಕಿಟಕಿ ತೆರೆದು ಎಸಿ ಪೆಟ್ಟಿಗೆಯ ಮೇಲೂ ಅದರ ಹಿಂದಿನ ಸಂದಿಯಲ್ಲೂ ಒಂದು ಫೋಟೋ ತೆಗೆದುಕೊಳ್ಳಿ. ಊರಿಗೆ ಹೋಗಿದ್ದಾಗ ಕೆಮ್ಮು ಹೇಗಿತ್ತು ಅಂತ ಅಮ್ಮನನ್ನೇ ಕೇಳಿ. ಗದಗಿಗೆ ಹೋಗದೆ ತುಂಬ ದಿನವಾಗಿದ್ದರೆ, ಆಕ್ಸಿಜನ್ ಅಂಕಿ ಸರಿಯಿದ್ದರೆ, ಹತ್ತು ಹದಿನೈದು ದಿನ ಕಳಿಸಿ ನೋಡಬಹುದು.